ಎಳೆ ಹೋದ ಕಡೆಗೆ ಬಣ್ಣ: ಒಂಬ್ರೆಗೆ ಯಾವ ಮಾಸ್ಕ್, ಬಲಯಾಜ್‌ಗೆ ಯಾವುದು?

ಗೋಣಿಕೊಪ್ಪದಲ್ಲಿ ಪಾರ್ಲರ್ ನಡೆಸುವ ಅಕ್ಕ ಒಬ್ಬರಿದ್ದಾರೆ. ಕೂದಲಿಗೆ ಬ್ಲೀಚ್ ಮುಟ್ಟಿಸುವ ಮೊದಲು ಗಿರಾಕಿಗೆ ‘ಹೀಗೆ ಕಾಣ್ತೀರಿ’ ಅಂತ ಫೋಟೋದಲ್ಲಿ ತೋರಿಸಿಬಿಡುವುದು ಅವರ ಪದ್ಧತಿ. ಆ ಫೋಟೋ ಮಾಡಿಕೊಡುವುದು ಮಡಿಕೇರಿಯಲ್ಲಿ ಕೂತಿರುವ ನನ್ನ ಕೆಲಸ. ಮೊದಲ ಸಲ ಕಳಿಸಿದ್ದನ್ನು ನೋಡಿ ಅವರು ಫೋನ್ ಮಾಡಿದರು: “ಅಣ್ಣಾ, ಬಣ್ಣವೇನೋ ಚೆನ್ನಾಗಿದೆ. ಆದ್ರೆ ಕೂದಲನ್ನ ಡಿಕಾಕ್ಷನ್ ಪಾತ್ರೆಯಲ್ಲಿ ಅದ್ದಿ ತೆಗೆದ ಹಾಗಿದೆಯಲ್ಲ?”

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಮಾಸ್ಕಿನ ಮೇಲೆ ಮೇಲಿಂದ ಕೆಳಕ್ಕೆ ಒಂದೇ ಸಲ ಗ್ರೇಡಿಯೆಂಟ್ ಎಳೆದು ಬಿಟ್ಟಿದ್ದೆ. ಹುಡುಗಿ ತಲೆಯನ್ನು ಸ್ವಲ್ಪ ವಾಲಿಸಿ, ಕೂದಲನ್ನೆಲ್ಲ ಎಡ ಹೆಗಲ ಮೇಲಿಂದ ಮುಂದಕ್ಕೆ ತಂದುಕೊಂಡಿದ್ದಳು. ಕತ್ತಿನ ಹಿಂದೆ ತಗ್ಗಿ, ಹೆಗಲ ಮೇಲೆ ಏರಿ, ಮತ್ತೆ ಎದೆಯ ಮೇಲೆ ಇಳಿಯುವ ಕೂದಲು ಅದು. ನನ್ನ ಗ್ರೇಡಿಯೆಂಟಿಗೆ ಅದೊಂದೂ ಗೊತ್ತಿಲ್ಲ. ಅದು ನೋಡಿದ್ದು ಚಿತ್ರದ ಎತ್ತರವನ್ನು ಮಾತ್ರ. ಹಾಗಾಗಿ ಕತ್ತಿನ ಹಿಂದಿನ ಕೂದಲು, ಬುಡದಿಂದ ಒಂದು ಗೇಣೂ ದಾಟದಿದ್ದರೂ, ಕೆಳಗೆ ಇದೆ ಎನ್ನುವ ಒಂದೇ ಕಾರಣಕ್ಕೆ ಕಂದಾಗಿತ್ತು.

ಅಲ್ಲಿಂದ ಈಚೆಗೆ ನಾಲ್ಕು ಬಗೆಯ ಮಾಸ್ಕ್ ಮಾಡಿ ನೋಡಿದ್ದೇನೆ. ಯಾವುದೂ ಎಲ್ಲ ಫೋಟೋಕ್ಕೂ ಸರಿಹೋಗುವುದಿಲ್ಲ. ಯಾವುದನ್ನು ಯಾವಾಗ ಆರಿಸಬೇಕು ಎಂಬುದು ಎರಡು ವಿಷಯದ ಮೇಲೆ ನಿಂತಿದೆ: ಬೇಕಾದದ್ದು ಒಂಬ್ರೆಯೋ ಬಲಯಾಜೋ, ಮತ್ತು ಆ ಫೋಟೋದಲ್ಲಿ ಎಳೆ ಬುಡದಿಂದ ತುದಿಗೆ ಯಾವ ದಾರಿಯಲ್ಲಿ ಹೋಗಿದೆ. ನಾನು ಬಳಸುವುದು ಫೋಟೋಶಾಪ್, ಮೆನುವಿನ ಹೆಸರುಗಳು ಅದರವು. ಗಿಂಪ್‌ನಲ್ಲೂ ಗುಂಪಿನ ಮಾಸ್ಕ್, ಗ್ರೇಡಿಯೆಂಟ್, ಸ್ಮಡ್ಜ್, ವಾರ್ಪ್ ಎಲ್ಲ ಇರುವುದರಿಂದ ದಾರಿ ಒಂದೇ.

ಎರಡರ ನಡುವಿನ ವ್ಯತ್ಯಾಸ ಮಾಸ್ಕಿನಲ್ಲಿ ಹೇಗೆ ಕಾಣುತ್ತದೆ

ಎರಡೂ ಫ್ರೆಂಚ್ ಮಾತು. ಒಂಬ್ರೆ ಎಂದರೆ ಛಾಯೆ ಕೊಟ್ಟದ್ದು, ಬಲಯಾಜ್ ಎಂದರೆ ಗುಡಿಸುವುದು. ಒಂಬ್ರೆಯಲ್ಲಿ ಒಳಗಿನ ಕೂದಲು, ಹೊರಗಿನ ಕೂದಲು ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದಕ್ಕೆ ಬಂದಾಗ ತಿಳಿಯಾಗಲು ಶುರುವಾಗುತ್ತವೆ, ತುದಿಯೆಲ್ಲ ತಿಳಿ. ಬಲಯಾಜ್‌ನಲ್ಲಿ ಬ್ರಷ್ಷನ್ನು ಪೊರಕೆಯ ಹಾಗೆ ಕೂದಲ ಮೇಲ್ಮೈ ಮೇಲೆ ಎಳೆಯುತ್ತಾರೆ. ಆದ್ದರಿಂದ ಒಂದು ಗೊಂಚಲು ಕಿವಿಯ ಹತ್ತಿರವೇ ತಿಳಿಯಾದರೆ ಪಕ್ಕದ್ದು ಗಲ್ಲದ ಕೆಳಗೆ ಬಂದ ಮೇಲೆ, ಮುಖದ ಎರಡು ಕಡೆಯ ಮುಂಗುರುಳು ಹೆಚ್ಚು ತಿಳಿ, ಅಡಿಯ ಪದರ ಹಾಗೇ ಕಪ್ಪು.

ತ್ರೀಡಿ ಕೆಲಸ ಮಾಡುವವರಿಗೆ ಇದು ತೀರಾ ಸುಲಭ, ಅದು ನನಗೆ ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೂ ಹೌದು. ಬ್ಲೆಂಡರ್‌ನಲ್ಲಿ Curves Info ಎಂಬ ನೋಡ್‌ನ Intercept ಪ್ರತಿ ಎಳೆಗೂ ಬುಡದಲ್ಲಿ 0, ತುದಿಯಲ್ಲಿ 1 ಎಂದು ಕೊಡುತ್ತದೆ. ಎಳೆ ಎಷ್ಟು ಸುತ್ತಿಕೊಂಡಿದ್ದರೂ ಅದಕ್ಕೆ ತನ್ನ ಅಳತೆ ತಪ್ಪುವುದಿಲ್ಲ. ಅದೇ ನೋಡ್‌ನ Random ಪ್ರತಿ ಎಳೆಗೂ ಒಂದೊಂದು ಬೇರೆ ಸಂಖ್ಯೆ ಕೊಡುತ್ತದೆ. ಒಂಬ್ರೆ, ಬಲಯಾಜ್ ಎರಡನ್ನೂ ಲೆಕ್ಕದಲ್ಲಿ ಬರೆದರೆ ಹೀಗೆ:

```
ombre    = smoothstep(0.45, 0.85, Intercept)
balayage = smoothstep(0.35 + 0.3*Random, 0.95, Intercept)
```

ಒಂಬ್ರೆ ಎಲ್ಲ ಎಳೆಗೂ 0.45ರಲ್ಲೇ ಶುರು. ಬಲಯಾಜ್ ಒಂದೊಂದು ಎಳೆಗೆ 0.35ರಿಂದ 0.65ರ ನಡುವೆ ಎಲ್ಲಿ ಬೇಕಾದರೂ ಶುರು. ಫೋಟೋದವರಿಗೆ ಈ ಎರಡು ಸಾಲು ಕೆಲಸಕ್ಕೆ ಬರುವುದಿಲ್ಲ, ಏಕೆಂದರೆ ಫೋಟೋದ ಪಿಕ್ಸೆಲ್ಲಿಗೆ ತಾನು ಬುಡದಿಂದ ಎಷ್ಟು ದೂರ ಎಂಬುದು ಗೊತ್ತಿಲ್ಲ. ಆ ದೂರವನ್ನು ನಾವು ಕಣ್ಣಂದಾಜಿನಲ್ಲಿ ಕೊಡಬೇಕು. ಮುಂದೆ ಹೇಳುವ ನಾಲ್ಕೂ ದಾರಿ ಅದನ್ನು ಕೊಡುವ ನಾಲ್ಕು ರೀತಿಗಳು, ಅಷ್ಟೇ.

ಮಾಸ್ಕಿಗೆ ಕೈ ಹಾಕುವ ಮೊದಲು

ಫೋಟೋವನ್ನು ಮೆಸೇಜಿನಲ್ಲಿ ಫೋಟೋ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಅಕ್ಕನಿಗೆ ಹೇಳಿ ಹೇಳಿ ಈಗ ರೂಢಿಯಾಗಿದೆ. ಕುಗ್ಗಿಸಿದ ಫೋಟೋದಲ್ಲಿ ಮೊದಲು ಸಾಯುವುದು ಕಪ್ಪು ಕೂದಲಿನೊಳಗಿನ ಎಳೆ. ನೋಡಲು ಸರಿಯಾಗೇ ಇರುತ್ತದೆ. ಬೆಳಕು ಏರಿಸಿದ ಕೂಡಲೇ ಎಳೆಯ ಜಾಗದಲ್ಲಿ ಚೌಕ ಚೌಕ ಕಾಣುತ್ತದೆ.

ನಮ್ಮ ಕಡೆಯ ಇನ್ನೊಂದು ತೊಂದರೆ ಬೆಳಕು. ಜುಲೈ ತಿಂಗಳ ಮಂಜಿನಲ್ಲಿ ಹೊರಗೆ ತೆಗೆದ ಫೋಟೋದಲ್ಲಿ ಕೂದಲಿಗೆ ಹೊಳಪಿನ ಗೆರೆಯೇ ಇರುವುದಿಲ್ಲ. ಬೆಳಕು ಎಲ್ಲ ಕಡೆಯಿಂದ ಬಂದು ಕೂದಲು ಒಂದು ಕಪ್ಪು ಬಟ್ಟೆಯ ಹಾಗೆ ಕಾಣುತ್ತದೆ. ತೋಟದೊಳಗೆ ತೆಗೆದರೆ ಇನ್ನೊಂದು ಕಥೆ: ಸಿಲ್ವರ್ ಓಕ್ ಮರದ ಸಂದಿನಿಂದ ಬಂದ ಬೆಳಕು ಕಾಫಿ ಎಲೆಯ ಹಸಿರನ್ನು ಹೊತ್ತುಕೊಂಡು ಬರುತ್ತದೆ, ಅದರ ಮೇಲೆ ಕ್ಯಾರಮೆಲ್ ಬಣ್ಣ ಹಾಕಿದರೆ ಪಾಚಿಯ ಕಡೆಗೆ ತಿರುಗುತ್ತದೆ. ಪಾರ್ಲರಿನ ಕಿಟಕಿಯ ಪಕ್ಕ, ಬೆಳಕು ಒಂದೇ ಕಡೆಯಿಂದ ಬೀಳುವ ಹಾಗೆ ನಿಲ್ಲಿಸಿ ತೆಗೆದ ಫೋಟೋ ಎಲ್ಲಕ್ಕಿಂತ ಒಳ್ಳೆಯದು.

ಫೋಟೋ ಬಂದ ಮೇಲೆ ನಾನು ಮಾಡುವ ಮೊದಲ ಕೆಲಸ ದಿಕ್ಕು ಗುರುತಿಸುವುದು. ಎಲ್ಲದರ ಮೇಲೆ ಒಂದು Curves ಲೇಯರ್ ಹಾಕಿ ಕಪ್ಪಿನ ಭಾಗವನ್ನು ವಿಪರೀತ ಏರಿಸುತ್ತೇನೆ. ಮುಖ ಬೆಳ್ಳಗೆ ಸುಟ್ಟುಹೋದರೂ ಚಿಂತೆಯಿಲ್ಲ, ಇದು ನೋಡುವುದಕ್ಕೆ ಮಾತ್ರ, ಆಮೇಲೆ ಕಿತ್ತು ಹಾಕುವಂಥದ್ದು. ಆಗ ಎಳೆಗಳು ಕಾಣುತ್ತವೆ. ಒಂದು ಖಾಲಿ ಲೇಯರ್ ಮೇಲೆ ಎದ್ದು ಕಾಣುವ ಬಣ್ಣದಲ್ಲಿ ಎಂಟೋ ಹತ್ತೋ ಬಾಣ ಎಳೆಯುತ್ತೇನೆ, ಪ್ರತಿಯೊಂದೂ ಬೈತಲೆಯಿಂದ ಹೊರಟು ತುದಿ ಮುಟ್ಟಬೇಕು. ಯಾವ ಬಾಣ ಇನ್ನೊಂದನ್ನು ದಾಟುತ್ತದೆ, ಯಾವುದು ಹೆಗಲ ಹಿಂದೆ ಮರೆಯಾಗುತ್ತದೆ ಎಂದು ಇಲ್ಲೇ ತಿಳಿಯುತ್ತದೆ. ಐದು ನಿಮಿಷದ ಕೆಲಸ. ಯಾವ ಮಾಸ್ಕ್ ಬೇಕು ಎಂಬ ತೀರ್ಮಾನ ಇದರಿಂದಲೇ ಆಗುತ್ತದೆ.

ಎರಡನೆಯದು, ‘ಕೂದಲು ಎಲ್ಲಿದೆ’ ಮತ್ತು ‘ಬಣ್ಣ ಎಷ್ಟಿದೆ’ ಎಂಬ ಎರಡು ಪ್ರಶ್ನೆಯನ್ನು ಒಂದೇ ಮಾಸ್ಕಿಗೆ ಕಟ್ಟಬೇಡಿ. ಕೂದಲನ್ನು ಆಯ್ದುಕೊಂಡು Select and Mask ಒಳಗೆ Refine Hair ಒತ್ತಿ, ಬಂದ ಆಯ್ಕೆಯನ್ನು ಒಂದು ಗುಂಪಿನ ಮಾಸ್ಕ್ ಮಾಡಿ. ಬಣ್ಣದ ಲೇಯರ್‌ಗಳು ಆ ಗುಂಪಿನ ಒಳಗೆ, ಪ್ರತಿಯೊಂದಕ್ಕೂ ತನ್ನದೇ ಗ್ರೇಡಿಯೆಂಟ್ ಮಾಸ್ಕ್. ಎರಡು ಮಾಸ್ಕ್ ಒಂದರೊಳಗೊಂದು ಗುಣಿಸಿಕೊಂಡು ಕೆಲಸ ಮಾಡುತ್ತವೆ: ಗುಂಪಿನದು ಕಪ್ಪಿದ್ದ ಕಡೆ ಒಳಗಿನದು ಎಷ್ಟೇ ಬಿಳಿಯಿದ್ದರೂ ಬಣ್ಣ ಬರುವುದಿಲ್ಲ. ಆದ್ದರಿಂದ ಗ್ರೇಡಿಯೆಂಟನ್ನು ಕುಪ್ಪಸದ ಮೇಲೆ ಹಾಯಿಸಿದರೂ ಕುಪ್ಪಸಕ್ಕೆ ಏನೂ ಆಗುವುದಿಲ್ಲ, ಹತ್ತು ಸಲ ಅಳಿಸಿ ಎಳೆದರೂ ಕೂದಲ ಅಂಚು ಕೆಡುವುದಿಲ್ಲ.

ನೇರ ಗ್ರೇಡಿಯೆಂಟ್

ಬಾಣಗಳೆಲ್ಲ ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿದ್ದರೆ, ಬೇಕಾದದ್ದು ಒಂಬ್ರೆಯಾದರೆ, ಬೇರೆ ಏನೂ ಬೇಡ. ಬೆನ್ನ ಕಡೆಯಿಂದ ತೆಗೆದ, ಇಸ್ತ್ರಿ ಮಾಡಿದ ಹಾಗೆ ನೇರವಾಗಿ ಇಳಿಬಿಟ್ಟ ಕೂದಲಿಗೆ ಇದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಆದರೆ ಎಳೆದು ಬಿಟ್ಟರೆ ಆಗಲಿಲ್ಲ. ಎಳೆದ ಗ್ರೇಡಿಯೆಂಟಿನಲ್ಲಿ ಬಣ್ಣ ಬದಲಾಗುವ ಜಾಗ ಕೂದಲಿಗೆ ಅಡ್ಡಲಾಗಿ ಒಂದು ಪಟ್ಟಿಯಾಗಿ ನಿಲ್ಲುತ್ತದೆ, ಅದನ್ನು ಎಳೆಯ ಉದ್ದಕ್ಕೆ ಒಡೆಯಬೇಕು. ಅದಕ್ಕೆ ಸ್ಮಡ್ಜ್ ಟೂಲ್. ಮಾಸ್ಕನ್ನೇ ಆರಿಸಿಕೊಂಡು, ನಾಲ್ಕೈದು ಚುಕ್ಕಿ ಚೆದುರಿದ ಹಾಗಿರುವ ಬ್ರಷ್ ತೆಗೆದುಕೊಂಡು, Strength 65ರ ಆಸುಪಾಸು ಇಟ್ಟು, ಕೆಳಗಿನ ಬಿಳಿಯನ್ನು ಎಳೆಯ ಗುಂಟ ಮೇಲಕ್ಕೆ ಎಳೆಯುವುದು, ಮೇಲಿನ ಕಪ್ಪನ್ನು ಕೆಳಕ್ಕೆ. ಒಂದು ಉದ್ದ, ಒಂದು ಗಿಡ್ಡ. ಗರಗಸದ ಹಲ್ಲಿನ ಹಾಗೆ ಸಮ ಅಂತರದಲ್ಲಿ ಮಾಡಿದರೆ ಬೇಲಿ ಹಾಕಿದ ಹಾಗಾಗುತ್ತದೆ. ಗುಂಡಗಿನ ಮೆತ್ತನೆ ಬ್ರಷ್ ಇಲ್ಲಿ ಬರುವುದಿಲ್ಲ, ಅದು ಎಳೆ ಮಾಡುವ ಬದಲು ಹೊಗೆ ಮಾಡುತ್ತದೆ.

ಈ ಸ್ಮಡ್ಜ್ ಕೆಲಸ ಮುಂದಿನ ದಾರಿಗಳಿಗೂ ಬೇಕು. ಹೇಳಬೇಕೆಂದರೆ ‘ಎಳೆಯ ದಿಕ್ಕಿಗೆ ಗ್ರೇಡಿಯೆಂಟ್’ ಎನ್ನುವುದರಲ್ಲಿ ಕಣ್ಣಿಗೆ ಕಾಣುವ ಅರ್ಧ ಭಾಗ ಇದೇ.

ಗೊಂಚಲಿಗೊಂದು ಗ್ರೇಡಿಯೆಂಟ್

ಪಾರ್ಲರಿನಿಂದ ಬರುವ ಹತ್ತರಲ್ಲಿ ಏಳು ಫೋಟೋಕ್ಕೆ ನಾನು ಆರಿಸುವುದು ಇದನ್ನೇ. ಅಲೆಅಲೆಯಾದ ಕೂದಲು, ಮುಂದಿನಿಂದ ತೆಗೆದದ್ದು, ಎರಡೂ ಹೆಗಲ ಮೇಲೆ ಹರಡಿಕೊಂಡದ್ದು ಅಂದರೆ ಬೇರೆ ಯೋಚನೆ ಮಾಡುವುದೇ ಬೇಡ.

ಮಾಸ್ಕನ್ನು ಪೂರ್ತಿ ಕಪ್ಪು ಮಾಡಿಕೊಂಡು ಶುರು ಮಾಡಿ. ಕಣ್ಣಿಗೆ ಒಂದಾಗಿ ಕಾಣುವ ಒಂದು ಗೊಂಚಲನ್ನು ಲಾಸೋದಿಂದ ಸುತ್ತುಹಾಕಿ, ಅಂಚನ್ನು ಸ್ವಲ್ಪ ಮೆದು ಮಾಡಿ (12 ಮೆಗಾಪಿಕ್ಸೆಲ್ ಫೋಟೋಕ್ಕೆ ನಾನು ಇಡುವುದು 6ರಿಂದ 10 ಪಿಕ್ಸೆಲ್). ಗ್ರೇಡಿಯೆಂಟ್ ಟೂಲ್‌ನಲ್ಲಿ Classic gradient ಆರಿಸಿ, ಬಿಳಿಯನ್ನು ಮುಂದಿನ ಬಣ್ಣ ಮಾಡಿಕೊಂಡು Foreground to Transparent ಇಡಿ. ಈಗ ಆ ಗೊಂಚಲಿನ ತುದಿಯಲ್ಲಿ ಒತ್ತಿ, ಗೊಂಚಲು ಬಂದ ದಾರಿಯಲ್ಲೇ ಮೇಲಕ್ಕೆ ಎಳೆದು, ಬಣ್ಣ ಎಲ್ಲಿ ಶುರುವಾಗಬೇಕೋ ಅಲ್ಲಿ ಬಿಡಿ. ಮುಂದಿನ ಗೊಂಚಲಿಗೆ ಹೋಗಿ. ಪಾರದರ್ಶಕಕ್ಕೆ ಇಳಿಯುವ ಗ್ರೇಡಿಯೆಂಟ್ ಆದ್ದರಿಂದ ಹೊಸದು ಹಳೆಯದನ್ನು ಅಳಿಸದೆ ಮೇಲೆ ಸೇರಿಕೊಳ್ಳುತ್ತದೆ. ಕಪ್ಪು‑ಬಿಳಿ ಗ್ರೇಡಿಯೆಂಟ್ ಇಟ್ಟಿದ್ದರೆ ಎರಡು ಗೊಂಚಲು ಒಂದರ ಮೇಲೊಂದು ಬಂದ ಜಾಗದಲ್ಲಿ ಹಿಂದಿನದು ಅಳಿಸಿ, ಕತ್ತರಿಸಿದ ಹಾಗೆ ಕಪ್ಪು ಅಂಚು ಬೀಳುತ್ತದೆ. ನಾನು ಒಂದು ಸಂಜೆ ಪೂರ್ತಿ ಇದು ಯಾಕೆ ಹೀಗಾಗುತ್ತಿದೆ ಎಂದು ತಲೆ ಕೆರೆದುಕೊಂಡಿದ್ದೇನೆ.

ಒಂಬ್ರೆಯೋ ಬಲಯಾಜೋ ಎಂಬುದು ಇಲ್ಲಿ ಕೈ ಬಿಡುವ ಜಾಗದಲ್ಲಿ ತೀರ್ಮಾನವಾಗುತ್ತದೆ. ಪ್ರತಿ ಗೊಂಚಲಿನ ಉದ್ದದ ಅರ್ಧಕ್ಕೆ ಬಂದು ಬಿಟ್ಟರೆ ಒಂಬ್ರೆ. ಒಂದಕ್ಕೆ ಮೂರನೇ ಒಂದು ಭಾಗದಲ್ಲಿ, ಪಕ್ಕದ್ದಕ್ಕೆ ಮೂರನೇ ಎರಡು ಭಾಗದಲ್ಲಿ, ಅದರಾಚೆಯದನ್ನು ಮುಟ್ಟದೇ ಬಿಟ್ಟರೆ ಬಲಯಾಜ್. ಇದರ ಮಿತಿ ಇಷ್ಟೇ: ಗ್ರೇಡಿಯೆಂಟ್ ಎಳೆಯುವುದು ನೇರ ಗೆರೆಯಲ್ಲಿ, ಗೊಂಚಲು ಅರ್ಧ ಸುತ್ತಿಗಿಂತ ಹೆಚ್ಚು ಬಾಗಿದರೆ ಅಳತೆ ತಪ್ಪುತ್ತದೆ. ಸ್ವಲ್ಪ ಬಾಗಿದ್ದರೆ ಎರಡು ತುಂಡು ಮಾಡಿ ಎಳೆಯಬಹುದು. ನಿಜವಾದ ಗುಂಗುರು ಕೂದಲಿಗೆ ಇದನ್ನು ಬಿಟ್ಟುಬಿಡಿ.

ಜಡೆಗೆ ಬಾಗಿಸಿದ ಪಟ್ಟಿ

ಜಡೆ ಅಥವಾ ಒಂದೇ ಮುದ್ದೆಯಾಗಿ ಹೆಗಲ ಮೇಲಿಂದ ಬಂದ ಕೂದಲಿಗೆ ಇದು. ಹೊಸ ಲೇಯರ್‌ನಲ್ಲಿ ಜಡೆಗಿಂತ ಸ್ವಲ್ಪ ಅಗಲದ, ಜಡೆಯಷ್ಟೇ ಉದ್ದದ ಒಂದು ನೆಟ್ಟನೆ ಪಟ್ಟಿ ಮಾಡಿ, ಮೇಲೆ ಕಪ್ಪು ಕೆಳಗೆ ಬಿಳಿ ತುಂಬಿ. Edit ಮೆನುವಿನ Puppet Warp ತೆಗೆದು ಪಟ್ಟಿಯ ಮಧ್ಯದಲ್ಲಿ ಸಮ ಅಂತರಕ್ಕೆ ಆರೇಳು ಪಿನ್ ಚುಚ್ಚಿ, ಒಂದೊಂದನ್ನೇ ಜಡೆಯ ಮೇಲೆ ಕೂರಿಸುತ್ತಾ ಬನ್ನಿ. ಆಮೇಲೆ ಅದನ್ನು ನಕಲು ಮಾಡಿ ಮಾಸ್ಕಿನೊಳಗೆ ಅಂಟಿಸಿ. ಮಾಸ್ಕ್ ಚಿತ್ರದ ಮೇಲೆ Alt ಹಿಡಿದು ಒತ್ತಿದರೆ ಮಾಸ್ಕ್ ತೆರೆಯುತ್ತದೆ, ಅಲ್ಲಿ ಅಂಟಿಸಿದರಾಯಿತು.

ಪಿನ್‌ಗಳ ನಡುವಿನ ದೂರ ಜಡೆಯ ಮೇಲೂ ಸಮ ಇರಬೇಕು. ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಕುಗ್ಗಿದರೆ ಅಲ್ಲಿ ಬಣ್ಣ ದಿಢೀರನೆ ಬದಲಾಗುತ್ತದೆ. ಇದರಿಂದ ಒಂಬ್ರೆ ಬರುತ್ತದೆ, ಬಲಯಾಜ್ ಬರುವುದಿಲ್ಲ. ಬಲಯಾಜ್ ಮಾಡಿದ ಕೂದಲನ್ನು ಹೆಣೆದರೆ ತಿಳಿ ಎಳೆ ಕಪ್ಪು ಎಳೆ ಹೆಣಿಗೆಯ ಜೊತೆ ಮೇಲೆ ಕೆಳಗೆ ಹೋಗಿ ಪಟ್ಟೆ ಪಟ್ಟೆ ಕಾಣುತ್ತದೆ. ಅದು ಬೇಕಾದರೆ ಪಟ್ಟಿಯ ಮೇಲೆ ಪ್ರತಿ ಹೆಣಿಗೆಯ ಒಂದು ಮಗ್ಗುಲಿಗೆ ಕೈಯಿಂದ ಕಪ್ಪು ಎಳೆ ಬಿಡಿಸಬೇಕು.

ಕೈಯಿಂದ ಬಿಡಿಸುವುದು

ಇದು ನಿಜವಾದ ಬಲಯಾಜ್‌ಗೆ ಎಲ್ಲಕ್ಕಿಂತ ಹತ್ತಿರ. ಪಾರ್ಲರಿನಲ್ಲಿ ಮಾಡುವುದೂ ಹೀಗೇ ತಾನೆ. ಪೆನ್ ಟ್ಯಾಬ್ಲೆಟ್ ಇದ್ದರೆ ಒತ್ತಡದಿಂದ ಎಳೆ ತೆಳುವಾಗುತ್ತದೆ. ಮೌಸ್ ಇದ್ದವರು ಬ್ರಷ್‌ನ Shape Dynamics ಒಳಗೆ ಗಾತ್ರದ Control ಅನ್ನು Fade ಮಾಡಿಕೊಂಡರೆ, ಎಳೆದ ಗೆರೆ ತಾನೇ ಸಪೂರವಾಗಿ ಮುಗಿಯುತ್ತದೆ. ತುದಿಯಿಂದ ಬುಡದ ಕಡೆಗೆ ಎಳೆಯಿರಿ. ಬುಡದಿಂದ ತುದಿಗೆ ಎಳೆದರೆ ದಪ್ಪ ಭಾಗ ಮೇಲೆ ಬಂದು ಕೂದಲಿಗೆ ಸುಣ್ಣ ಬಳಿದ ಹಾಗಾಗುತ್ತದೆ.

ಗುಂಗುರು ಕೂದಲು, ಹತ್ತಿರದಿಂದ ತೆಗೆದ ಮುಖ, ಗಾಳಿಗೆ ಹಾರಿದ ಮುಂಗುರುಳು: ಈ ಮೂರಕ್ಕೆ ಬೇರೆ ದಾರಿಯಿಲ್ಲ. ಉಳಿದದ್ದಕ್ಕೆ ಇದನ್ನು ಶುರುವಿನಿಂದ ಕೊನೆತನಕ ಮಾಡುವುದು ವ್ಯರ್ಥ ಎಂದು ನನ್ನ ಅಭಿಪ್ರಾಯ. ಎರಡೂವರೆ ಗಂಟೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋದರೆ ಇನ್ನೂ ಹೆಚ್ಚು. ಗೊಂಚಲಿಗೊಂದು ಗ್ರೇಡಿಯೆಂಟ್ ಹಾಕಿಕೊಂಡು ಅದರ ಮೇಲೆ ಇಪ್ಪತ್ತು‑ಮೂವತ್ತು ಎಳೆ ಕೈಯಿಂದ ಬಿಟ್ಟರೆ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಆ ಹುಡುಗಿಯ ಫೋಟೋ, ಎರಡನೇ ಸಲ

ಡಿಕಾಕ್ಷನ್ ಫೋಟೋವನ್ನು ಅಲ್ಲಿಗೇ ಬಿಡಲಿಲ್ಲ. ಅಕ್ಕ ಮೂಲ ಫೈಲನ್ನು ಮತ್ತೆ ಕಳಿಸಿದರು, 3000×4000 ಪಿಕ್ಸೆಲ್. ಬೇಕಾದ ಬಣ್ಣ ಯಾವುದು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: “ಬುಡದಲ್ಲಿ ಚೆನ್ನಾಗಿ ಹುರಿದ ಕಾಫಿ ಬೀಜ, ತುದಿಯಲ್ಲಿ ಅರೆಬರೆ ಹುರಿದದ್ದು. ಹಸಿ ಬೀಜದ ಬಣ್ಣಕ್ಕೆ ಹೋಗ್ಬೇಡಿ, ಅಷ್ಟು ನನ್ನ ಕೈಯಲ್ಲಿ ಒಂದೇ ಸಲ ಆಗೋದಿಲ್ಲ.” ಕಾಫಿ ನಾಡಿನಲ್ಲಿ ಇದಕ್ಕಿಂತ ಸ್ಪಷ್ಟವಾದ ಅಳತೆ ಇನ್ನೇನು ಬೇಕು.

ಬಾಣ ಎಳೆದಾಗ ಕೂದಲು ಮೂರು ಭಾಗ ಎಂದು ಕಂಡಿತು. ಬಲಗಡೆ ಕಿವಿಯ ಹಿಂದಿನಿಂದ ಕತ್ತಿನ ಮರೆಗೆ ಹೋಗುವ ಭಾಗ ಎಲ್ಲವೂ ಬುಡದ ಹತ್ತಿರದ ಕೂದಲು, ಅದಕ್ಕೆ ಬಣ್ಣವೇ ಬೇಡ. ಎಡ ಹೆಗಲ ಮೇಲಿಂದ ಎದೆಯ ಮೇಲೆ ಇಳಿದದ್ದು ಒಂಬತ್ತು ಗೊಂಚಲು. ಮುಖದ ಪಕ್ಕದಲ್ಲಿ ಬಿಡಿಯಾಗಿ ಇಳಿದ ಮುಂಗುರುಳು ಎರಡು. ಹೆಗಲ ಮೇಲೆ ಕಾಣಿಸಿಕೊಳ್ಳುವ ಹೊತ್ತಿಗೇ ಗೊಂಚಲು ತನ್ನ ಉದ್ದದ ಮೂರನೇ ಒಂದು ಭಾಗ ಮುಗಿಸಿರುತ್ತದೆ. ಇದನ್ನು ಮರೆತು ಕಾಣುವ ಭಾಗದ ಅರ್ಧಕ್ಕೆ ಬಣ್ಣ ಶುರು ಮಾಡಿದರೆ ಅದು ನಿಜವಾಗಿ ಮೂರನೇ ಎರಡು ಭಾಗಕ್ಕೆ ಬಂದಿರುತ್ತದೆ, ಬಣ್ಣ ತುದಿಗೆ ಜೋತುಬಿದ್ದ ಹಾಗೆ ಕಾಣುತ್ತದೆ. ಹಾಗಾಗಿ ಮೂರು ಗೊಂಚಲಿಗೆ ಹೆಗಲ ಏರಿನಲ್ಲೇ ಶುರು ಮಾಡಿದೆ, ನಾಲ್ಕಕ್ಕೆ ಎದೆಯ ಎತ್ತರದಲ್ಲಿ, ಎರಡನ್ನು ಮುಟ್ಟಲಿಲ್ಲ. ಮುಂಗುರುಳು ಎರಡೂ ಕೈಯಿಂದ.

ಈಗ ಬಣ್ಣ. ಕಪ್ಪು ಕೂದಲಿನ ಮೇಲೆ Color ಬ್ಲೆಂಡಿನಲ್ಲಿ ಬರೀ ಕ್ಯಾರಮೆಲ್ ಸುರಿದರೆ ಏನೂ ಆಗುವುದಿಲ್ಲ. ಆ ಬ್ಲೆಂಡ್ ಕೆಳಗಿನ ಬೆಳಕನ್ನು ಹಾಗೇ ಉಳಿಸಿಕೊಳ್ಳುತ್ತದೆ, ಕೆಳಗೆ ಬೆಳಕೇ ಇಲ್ಲ. ಮೊದಲು Curves‌ನಿಂದ ಬೆಳಕು ಏರಿಸಬೇಕು: ಈ ಫೋಟೋದಲ್ಲಿ 30 ಇದ್ದದ್ದನ್ನು 70ಕ್ಕೆ, 90 ಇದ್ದದ್ದನ್ನು 150ಕ್ಕೆ ತಂದೆ. ಅದರ ಮೇಲೆ ಎರಡು Solid Color ಲೇಯರ್, ಎರಡೂ Color ಬ್ಲೆಂಡ್. ಕೆಳಗಿನದು ಕೆಂಪು ಕಂದು, #783E24. ಮೇಲಿನದು ಕ್ಯಾರಮೆಲ್, #B07A4A, ಒಪಾಸಿಟಿ 70.

ಎರಡು ಬಣ್ಣ ಯಾಕೆ? ಕಪ್ಪು ಕೂದಲನ್ನು ಬ್ಲೀಚ್ ಮಾಡಿದಾಗ ಅದು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ ದಾಟಿ ತಿಳಿಯಾಗುತ್ತದೆ. ಪಾರ್ಲರಿನವರ 1ರಿಂದ 10ರ ಲೆವೆಲ್ ಲೆಕ್ಕದಲ್ಲಿ ನಮ್ಮ ಕಪ್ಪು 1, 2ರಲ್ಲಿದ್ದರೆ, ಅಕ್ಕ ಹೇಳಿದ ಅರೆಹುರಿದ ಬೀಜ 6, 7ರ ಹತ್ತಿರ. ಹಾಗಾಗಿ ಕಪ್ಪಿಗೂ ಕ್ಯಾರಮೆಲ್‌ಗೂ ನಡುವಿನ ಜಾಗ ಕೆಂಪಗಿರಬೇಕು. ಒಂದೇ ಕ್ಯಾರಮೆಲ್ಲನ್ನು ಮಾಸ್ಕಿನಿಂದ ತೆಳು ಮಾಡುತ್ತಾ ಹೋದರೆ ಆ ಜಾಗ ಬೂದಿಬೂದಿಯಾಗಿ, ಧೂಳು ಕೂತ ಹಾಗೆ ಕಾಣುತ್ತದೆ.

ಎರಡನೇ ಬಣ್ಣಕ್ಕೆ ಇನ್ನೊಂದು ಸಲ ಏಳು ಗ್ರೇಡಿಯೆಂಟ್ ಎಳೆಯುವ ಕರ್ಮ ಬೇಡ. ಮೊದಲಿನ ಮಾಸ್ಕನ್ನೇ Alt ಹಿಡಿದು ಎಳೆದು ನಕಲು ಮಾಡಿ, Ctrl+L ಒತ್ತಿ Levels ತೆಗೆದು, ನಡುವಿನ ತ್ರಿಕೋನವನ್ನು ಬಲಕ್ಕೆ ತಳ್ಳಿ. ಮಾಸ್ಕಿನ ಬೂದು ಕಪ್ಪಾಗುತ್ತದೆ, ಅಂದರೆ ಬಣ್ಣದ ಶುರು ಎಲ್ಲ ಗೊಂಚಲಿನಲ್ಲೂ ತುದಿಯ ಕಡೆಗೆ ಸರಿಯುತ್ತದೆ. ದಿಕ್ಕು ಹಾಗೇ ಉಳಿಯುತ್ತದೆ. ಕ್ಯಾರಮೆಲ್‌ನ ಮಾಸ್ಕಿಗೆ ನಾನು ಇದನ್ನೇ ಮಾಡಿದ್ದು. ಗಿರಾಕಿ ‘ಇನ್ನೂ ಸ್ವಲ್ಪ ಮೇಲಿಂದ ಬರಲಿ’ ಎಂದರೂ ಇದೇ ತ್ರಿಕೋನ, ಎಡಕ್ಕೆ.

ಕೊನೆಗೆ ಎರಡು ಸಣ್ಣ ಕೆಲಸ ಉಳಿದಿತ್ತು, ಎರಡೂ ಲೇಯರಿನ Blend If ಒಳಗೆ, Underlying Layer ಪಟ್ಟಿಯಲ್ಲಿ. ಕಪ್ಪಿನ ತ್ರಿಕೋನವನ್ನು Alt ಹಿಡಿದು ಒಡೆದು 15 ಮತ್ತು 45ಕ್ಕೆ ಇಟ್ಟೆ. ಗೊಂಚಲುಗಳ ನಡುವಿನ ಆಳದ ಸಂದಿ ಕಪ್ಪಾಗೇ ಉಳಿಯಿತು, ಬಲಯಾಜ್‌ನಲ್ಲಿ ಅಡಿಯ ಪದರಕ್ಕೆ ಬಣ್ಣ ಹೋಗುವುದಿಲ್ಲವಲ್ಲ. ಬಿಳಿಯ ತ್ರಿಕೋನವನ್ನು 170 ಮತ್ತು 220ಕ್ಕೆ ಒಡೆದೆ. ಕೂದಲಿನ ಮೇಲೆ ಮಿಂಚುವ ಗೆರೆ ಎಳೆಯ ಹೊರಮೈಯಿಂದ ನೇರ ಹಿಂತಿರುಗಿ ಬಂದ ಬೆಳಕು, ಅದಕ್ಕೆ ಕೂದಲಿನ ಬಣ್ಣ ಅಂಟುವುದಿಲ್ಲ. ಅದನ್ನೂ ಕಂದು ಮಾಡಿದರೆ ಕೂದಲು ಪ್ಲಾಸ್ಟಿಕ್ ಆಗುತ್ತದೆ.

ಒಟ್ಟು ಹಿಡಿದದ್ದು ಐವತ್ತು ನಿಮಿಷ. ಬೆಳಕು ಏರಿಸಿದ್ದರಿಂದ ಎಡ ತುದಿಯ ನೆರಳಿನಲ್ಲಿ ಸ್ವಲ್ಪ ಕಾಳು ಕಾಳು ಬಂತು. ಅಲ್ಲಿ Curves‌ನ ಮಾಸ್ಕನ್ನೇ ತೆಳು ಮಾಡಿದೆ. ಕತ್ತಲೆ ಫೋಟೋದಲ್ಲಿ ತಿಳಿ ಬಣ್ಣ ತೋರಿಸಲು ಹೊರಟರೆ ಈ ಕಾಳು ತಪ್ಪಿದ್ದಲ್ಲ.

ಸರಿಯಾಗಿದೆಯೇ ಎಂದು ನೋಡುವುದು

ನಾನು ಕಳಿಸುವ ಮೊದಲು ಮಾಡುವುದು ಮೂರು. ಮಾಸ್ಕನ್ನು Alt ಒತ್ತಿ ಬರೀ ಕಪ್ಪು‑ಬಿಳುಪಿನಲ್ಲಿ ನೋಡುತ್ತೇನೆ: ಮುಖ, ಬಟ್ಟೆ ಏನೂ ಇಲ್ಲದೆ ಆ ಮಾಸ್ಕ್ ಒಂದೇ ಕೂದಲಿನ ಹಾಗೆ ಕಾಣಬೇಕು. ಮೋಡದ ಹಾಗೆ ಕಂಡರೆ ಸ್ಮಡ್ಜ್ ಸಾಲದು. ಆಮೇಲೆ ಚಿತ್ರವನ್ನು ಕಾಲು ಭಾಗಕ್ಕೆ ಕುಗ್ಗಿಸಿ ಸ್ವಲ್ಪ ದೂರ ಕೂತು ನೋಡಿದರೆ ಅಡ್ಡ ಗೆರೆ ಇದ್ದದ್ದು ಎದ್ದು ಕಾಣುತ್ತದೆ, ಹತ್ತಿರದಿಂದ ಕಾಣಿಸದೇ ಇದ್ದದ್ದು ಕೂಡ.

ಮೂರನೆಯದರ ಮೇಲೆ ನನಗೆ ನಂಬಿಕೆ ಹೆಚ್ಚು. ಒಂದು ಎಳೆಯನ್ನು ಆರಿಸಿ ಬುಡದಿಂದ ತುದಿಯವರೆಗೆ ಬೆರಳಿಟ್ಟು ಹೋಗುವುದು. ಬಣ್ಣ ಏರುತ್ತಾ ಹೋಗಬೇಕು. ನಡುವೆ ತಿಳಿಯಾಗಿ, ಮತ್ತೆ ಕಪ್ಪಾಗಿ, ಮತ್ತೆ ತಿಳಿಯಾದರೆ ಒಂದು ಎಳೆ ಇನ್ನೊಂದರ ಮೇಲೆ ಹಾದ ಜಾಗದಲ್ಲಿ ಮಾಸ್ಕ್ ತಪ್ಪಿದೆ ಎಂದರ್ಥ. ಆ ಹುಡುಗಿಯ ಫೋಟೋದಲ್ಲಿ ಹಾಗೆ ಒಂದು ಕಡೆ ಸಿಕ್ಕಿತು. ಮುಂಗುರುಳಿನ ತುದಿ ಕಪ್ಪಾಗಿ ಬಿಟ್ಟ ಗೊಂಚಲಿನ ಮೇಲೆ ಬಿದ್ದಿತ್ತು, ಮಾಸ್ಕ್ ಎರಡನ್ನೂ ಸೇರಿಸಿ ತಿಳಿ ಮಾಡಿತ್ತು. ಸಣ್ಣ ಕಪ್ಪು ಬ್ರಷ್‌ನಿಂದ ಮೂರು ಗೆರೆ ಎಳೆದು ಸರಿ ಮಾಡಿದೆ.

ಅಕ್ಕನಿಂದ ಈ ಸಲ ಬಂದ ಉತ್ತರ ಚಿಕ್ಕದು: “ಇದನ್ನ ನಾನು ಮಾಡ್ತೀನಿ.” ಮರುವಾರವೇ ಇನ್ನೊಂದು ಫೋಟೋ ಬಂತು. ಮದುವೆಗೆ ಹೊರಟ ಹೆಂಗಸು, ಬಿಗಿಯಾಗಿ ಸುತ್ತಿದ ತುರುಬು, ಸುತ್ತ ಮಲ್ಲಿಗೆ. ತುರುಬಿನಲ್ಲಿ ತುದಿ ಒಳಗೆ ಸಿಕ್ಕಿಕೊಂಡಿರುತ್ತದೆ, ಹೊರಗೆ ಕಾಣುವುದು ಎಳೆಯ ಯಾವ ಭಾಗ ಎಂದು ಯಾರಿಗೂ ಗೊತ್ತಾಗುವುದಿಲ್ಲ. ನಾಲ್ಕರಲ್ಲಿ ಯಾವ ಮಾಸ್ಕೂ ಅದಕ್ಕೆ ಹೊಂದುವುದಿಲ್ಲ. ಕೂದಲು ಬಿಚ್ಚಿಸಿ, ಕಿಟಕಿ ಪಕ್ಕ ನಿಲ್ಲಿಸಿ ಇನ್ನೊಂದು ತೆಗೆದು ಕಳಿಸಿ ಅಕ್ಕಾ, ಎಂದು ಬರೆದೆ.